ಮೋಟಾರ್ ಫೀಡರ್ ಕೇಬಲ್‌ನ ಗಾತ್ರ ನಿರ್ಣಯ

ಮೋಟಾರ್ ಫೀಡರ್ ಕೇಬಲ್‌ನ ಗಾತ್ರ ನಿರ್ಣಯ ಎಂದರೆ ವಿದ್ಯುತ್ ಫಲಕದಿಂದ ಒಂದು ಮೋಟಾರಿಗೆ ಪ್ರವಾಹವನ್ನು ಒಯ್ಯುವ ಕೇಬಲ್‌ನ ವಾಹಕವು ಎಷ್ಟು ದಪ್ಪವಿರಬೇಕು ಎಂಬುದನ್ನು ಲೆಕ್ಕದಿಂದ ನಿಶ್ಚಯಿಸುವ ಕ್ರಮ. ವಾಹಕದ ಗಾತ್ರವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ, ಅಂದರೆ ಚದರ ಮಿಲಿಮೀಟರುಗಳಲ್ಲಿ (ಚ.ಮಿ.ಮೀ.) ಹೇಳುವುದು ವಾಡಿಕೆ. ಆಯ್ದ ಕೇಬಲ್ ಎರಡು ಷರತ್ತುಗಳನ್ನು ಪೂರೈಸಬೇಕು. ಮೋಟಾರಿನ ಪ್ರವಾಹವನ್ನು ನಿರಂತರವಾಗಿ ಹೊತ್ತರೂ ಅದರ ನಿರೋಧಕ ಹೊದಿಕೆ ಮಿತಿಮೀರಿ ಬಿಸಿಯಾಗಬಾರದು. ಕೇಬಲ್‌ನ ಉದ್ದದಲ್ಲಿ ಆಗುವ ವೋಲ್ಟೇಜ್ ಕುಸಿತವು ಮೋಟಾರಿನ ಕೆಲಸಕ್ಕೆ ಅಡ್ಡಿಯಾಗಬಾರದು. ಸುತ್ತಲಿನ ತಾಪಮಾನ ಮತ್ತು ಪಕ್ಕದಲ್ಲಿರುವ ಇತರ ಕೇಬಲ್‌ಗಳು ಮೊದಲನೆಯ ಷರತ್ತಿನ ಮೇಲೆ ಪ್ರಭಾವ ಬೀರುತ್ತವೆ. ಕೇಬಲ್‌ನ ಉದ್ದವು ಎರಡನೆಯ ಷರತ್ತನ್ನು ನಿರ್ಧರಿಸುತ್ತದೆ.

ಒಂದೇ ಮೋಟಾರಿಗೆ ಹೋಗುವ ಮಾರ್ಗದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಷರತ್ತುಗಳು ನಿರ್ಣಾಯಕವಾಗಬಹುದು. ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ಆಳವಾದ ಕೊಳವೆಬಾವಿಗಳು ಇದಕ್ಕೆ ಸ್ಪಷ್ಟ ನಿದರ್ಶನ. ಈ ಲೇಖನದಲ್ಲಿ ಅಂತಹ ಒಂದು ಕೊಳವೆಬಾವಿಯ ಮೋಟಾರನ್ನು ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕವನ್ನು ವಿವರಿಸಲಾಗಿದೆ.

## ಪ್ರಾದೇಶಿಕ ಹಿನ್ನೆಲೆ

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ಪಿನಾಕಿನಿ, ಚಿತ್ರಾವತಿ ಮೊದಲಾದವು ಮಳೆಗಾಲದ ಹೊಳೆಗಳು. ಆದ್ದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ದ್ರಾಕ್ಷಿ, ತರಕಾರಿ ಹಾಗೂ ಹಿಪ್ಪುನೇರಳೆ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನು ಅವಲಂಬಿಸಿವೆ. ಇಲ್ಲಿನ ನೆಲದಡಿಯಲ್ಲಿರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ನೀರು ಆ ಶಿಲೆಯ ಬಿರುಕುಗಳಲ್ಲಿ ಮಾತ್ರ ಸಿಗುತ್ತದೆ. ಅಂತರ್ಜಲ ಕುಸಿದಂತೆ ಸಾವಿರ ಅಡಿ ಮತ್ತು ಅದಕ್ಕೂ ಹೆಚ್ಚು ಆಳದ ಬಾವಿಗಳು ಇಲ್ಲಿ ಸಾಮಾನ್ಯವಾಗಿವೆ.

ಸಾವಿರ ಅಡಿ ಎಂದರೆ ಸುಮಾರು 305 ಮೀಟರ್. ಕಾರ್ಖಾನೆಯೊಂದರಲ್ಲಿ ಫಲಕದಿಂದ ಮೋಟಾರಿಗೆ ಮೂವತ್ತು, ನಲವತ್ತು ಮೀಟರ್ ಕೇಬಲ್ ಸಾಕಾಗುವಲ್ಲಿ ಇಲ್ಲಿನ ಸಬ್‌ಮರ್ಸಿಬಲ್ ಮೋಟಾರಿಗೆ ಮುನ್ನೂರು ಮೀಟರ್ ಬೇಕಾಗುತ್ತದೆ. ಮೋಟಾರಿನ ಅಶ್ವಶಕ್ತಿಯನ್ನು ಮಾತ್ರ ನೋಡಿ ಕೇಬಲ್ ಕೊಳ್ಳುವ ರೂಢಿ ಕಡಿಮೆ ಆಳದ ಬಾವಿಗಳಲ್ಲಿ ತೊಂದರೆ ಕೊಡದಿರಬಹುದು. ಈ ಆಳದಲ್ಲಿ ಅದು ಮೋಟಾರಿನ ಸುರುಳಿಯನ್ನೇ ಸುಡಬಲ್ಲದು. ಸುಟ್ಟ ಮೋಟಾರನ್ನು ಬದಲಾಯಿಸಬೇಕಾದರೆ ಇಡೀ ಪೈಪು ಮಾಲೆಯನ್ನು ಮೇಲೆತ್ತಬೇಕು.

## ಉಷ್ಣ ಸಾಮರ್ಥ್ಯ

ವಾಹಕದಲ್ಲಿ ಪ್ರವಾಹ ಹರಿದಾಗ ಅದರ ರೋಧದಿಂದ ಶಾಖ ಹುಟ್ಟುತ್ತದೆ. ಆ ಶಾಖ ಹೊದಿಕೆಯ ಮೂಲಕ ಹೊರಗೆ ಹರಿದುಹೋಗಬೇಕು. ಹುಟ್ಟುವ ಶಾಖವೂ ಹೊರಹೋಗುವ ಶಾಖವೂ ಸಮನಾಗುವ ತಾಪಮಾನದಲ್ಲಿ ಕೇಬಲ್ ಸ್ಥಿರಗೊಳ್ಳುತ್ತದೆ. ಪಿವಿಸಿ ಹೊದಿಕೆಯ ಕೇಬಲ್‌ನಲ್ಲಿ ವಾಹಕದ ತಾಪಮಾನ 70 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಎಕ್ಸ್‌ಎಲ್‌ಪಿಇ ಹೊದಿಕೆಗೆ ಈ ಮಿತಿ 90 ಡಿಗ್ರಿ. ಮಿತಿ ದಾಟಿದ ಕೇಬಲ್ ತಕ್ಷಣ ಕೆಡುವುದಿಲ್ಲ. ಅದರ ಹೊದಿಕೆ ಕ್ರಮೇಣ ಗಡುಸಾಗಿ, ಬಿರಿದು, ಕೆಲವು ವರ್ಷಗಳಲ್ಲಿ ನಿರೋಧಕ ಗುಣ ಕಳೆದುಕೊಳ್ಳುತ್ತದೆ.

ಕೇಬಲ್‌ಗಳ ಪ್ರವಾಹ ಸಾಮರ್ಥ್ಯವನ್ನು ಭಾರತೀಯ ಮಾನಕ ಐಎಸ್ 3961 ಮತ್ತು ತಯಾರಕರ ಪಟ್ಟಿಗಳು ನೀಡುತ್ತವೆ. ಆ ಅಂಕಿಗಳು ನಿರ್ದಿಷ್ಟ ಸನ್ನಿವೇಶಕ್ಕೆ ಮಾತ್ರ ಹೊಂದುತ್ತವೆ: ಗಾಳಿಯಲ್ಲಿದ್ದರೆ ಸುತ್ತಲಿನ ತಾಪಮಾನ 40 ಡಿಗ್ರಿ, ನೆಲದಲ್ಲಿ ಹೂತಿದ್ದರೆ ಮಣ್ಣಿನ ತಾಪಮಾನ 30 ಡಿಗ್ರಿ, ಮತ್ತು ಪಕ್ಕದಲ್ಲಿ ಬೇರೆ ಕೇಬಲ್ ಇಲ್ಲದಿರುವುದು. ವಾಸ್ತವದ ಸನ್ನಿವೇಶ ಬೇರೆಯಾಗಿದ್ದಾಗ ಪಟ್ಟಿಯ ಅಂಕಿಯನ್ನು ತಿದ್ದುಪಡಿ ಗುಣಕಗಳಿಂದ ಗುಣಿಸಬೇಕು.

### ತಾಪಮಾನದ ಗುಣಕ

ಶಾಖ ಹೊರಹೋಗುವ ವೇಗವು ವಾಹಕಕ್ಕೂ ಸುತ್ತಲಿನ ಗಾಳಿ ಅಥವಾ ಮಣ್ಣಿಗೂ ಇರುವ ತಾಪಮಾನದ ಅಂತರವನ್ನು ಅವಲಂಬಿಸಿದೆ. ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಗುಣಕವು ಈ ಅಂತರಗಳ ಅನುಪಾತದ ವರ್ಗಮೂಲವಾಗಿರುತ್ತದೆ:

```
k1 = √[(Tm − Ta) / (Tm − T0)]
```

ಇಲ್ಲಿ Tm ಎಂಬುದು ವಾಹಕದ ಗರಿಷ್ಠ ತಾಪಮಾನ, Ta ನಿಜವಾದ ಸುತ್ತಲಿನ ತಾಪಮಾನ, T0 ಪಟ್ಟಿ ತಯಾರಿಸಿದಾಗ ಹಿಡಿದ ತಾಪಮಾನ. ಗಾಳಿಯಲ್ಲಿರುವ ಪಿವಿಸಿ ಕೇಬಲ್‌ಗೆ ಸುತ್ತಲಿನ ತಾಪಮಾನ 45 ಡಿಗ್ರಿಯಾದರೆ ಗುಣಕ 0.91, 50 ಡಿಗ್ರಿಯಾದರೆ 0.82. ಅದೇ 50 ಡಿಗ್ರಿಯಲ್ಲಿ ಎಕ್ಸ್‌ಎಲ್‌ಪಿಇ ಕೇಬಲ್‌ಗೆ ಗುಣಕ 0.89 ಬರುತ್ತದೆ, ಏಕೆಂದರೆ ಅದರ ವಾಹಕ ಇನ್ನೂ 40 ಡಿಗ್ರಿ ಹೆಚ್ಚು ಬಿಸಿಯಾಗಬಹುದು.

ನಂದಿ ಪ್ರದೇಶದ ತಾಲ್ಲೂಕು ಕೇಂದ್ರಗಳು ಸಮುದ್ರಮಟ್ಟದಿಂದ ಸುಮಾರು 700ರಿಂದ 920 ಮೀಟರ್ ಎತ್ತರದಲ್ಲಿರುವುದರಿಂದ ಬಯಲಿನ ನೆರಳಿನಲ್ಲಿ ಗಾಳಿಯ ತಾಪಮಾನ 40 ಡಿಗ್ರಿ ಮೀರುವುದು ವಿರಳ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಹವಾಮಾನ ವರದಿಯ ತಾಪಮಾನವಲ್ಲ, ಕೇಬಲ್‌ಗೆ ತಾಗುವ ಗಾಳಿಯ ತಾಪಮಾನ. ತಗಡಿನ ಚಾವಣಿಯ, ಕಿಟಕಿಯಿಲ್ಲದ ಮೋಟಾರ್ ಕೋಣೆಯೊಳಗೆ ಬೇಸಿಗೆಯ ಮಧ್ಯಾಹ್ನ 50 ಡಿಗ್ರಿಯನ್ನು ಹಿಡಿದು ಲೆಕ್ಕ ಹಾಕುವುದು ಸುರಕ್ಷಿತ.

### ಗುಂಪಿನ ಗುಣಕ

ಹಲವು ಕೇಬಲ್‌ಗಳು ಒಂದೇ ಕಾಲುವೆಯಲ್ಲಿ ಅಥವಾ ಒಂದೇ ಗೋಡೆಯ ಮೇಲೆ ಜೊತೆಯಾಗಿ ಸಾಗಿದಾಗ ಪ್ರತಿಯೊಂದೂ ಮತ್ತೊಂದನ್ನು ಬಿಸಿಮಾಡುತ್ತದೆ. ನಡುವಿನ ಕೇಬಲ್‌ಗೆ ಶಾಖ ಹೊರಹಾಕಲು ದಾರಿ ಕಡಿಮೆ. ಅಂತರರಾಷ್ಟ್ರೀಯ ಮಾನಕ ಐಇಸಿ 60364-5-52ರ ಪ್ರಕಾರ ನೇರವಾಗಿ ನೆಲದಲ್ಲಿ ಹೂತ, ಒಂದಕ್ಕೊಂದು ತಾಗಿದ ಬಹುತಂತು ಕೇಬಲ್‌ಗಳಿಗೆ ಗುಣಕಗಳು ಹೀಗಿವೆ:

| ಕೇಬಲ್‌ಗಳ ಸಂಖ್ಯೆ | ತಾಗಿಕೊಂಡಿದ್ದರೆ | 25 ಸೆಂ.ಮೀ. ಅಂತರವಿದ್ದರೆ |
|---|---|---|
| 2 | 0.75 | 0.90 |
| 3 | 0.65 | 0.80 |
| 4 | 0.60 | 0.75 |

ಗೋಡೆಯ ಮೇಲೆ ಒಂದೇ ಸಾಲಿನಲ್ಲಿ ತಾಗಿಕೊಂಡು ಸಾಗುವ ನಾಲ್ಕು ಕೇಬಲ್‌ಗಳಿಗೆ ಗುಣಕ 0.75. ಈ ಗುಣಕಗಳು ಎಲ್ಲ ಕೇಬಲ್‌ಗಳೂ ಏಕಕಾಲದಲ್ಲಿ ಸರಿಸುಮಾರು ಸಮಾನ ಹೊರೆ ಹೊತ್ತಿವೆ ಎಂಬ ಊಹೆಯ ಮೇಲೆ ನಿಂತಿವೆ. ಗ್ರಾಮೀಣ ಪ್ರದೇಶದಲ್ಲಿ ಮೂರು ಫೇಸ್ ವಿದ್ಯುತ್ ದಿನದ ನಿಗದಿತ ಗಂಟೆಗಳಲ್ಲಿ ಮಾತ್ರ ಬರುವುದರಿಂದ ವಿದ್ಯುತ್ ಬಂದೊಡನೆ ಎಲ್ಲ ಪಂಪುಗಳೂ ಒಟ್ಟಿಗೆ ಓಡುತ್ತವೆ. ಹಾಗಾಗಿ ಈ ಊಹೆ ಇಲ್ಲಿ ನಿಜವೇ ಆಗಿರುತ್ತದೆ.

ಎರಡೂ ಗುಣಕಗಳನ್ನು ಸೇರಿಸಿ, ಪಟ್ಟಿಯಲ್ಲಿ ಹುಡುಕಬೇಕಾದ ಕನಿಷ್ಠ ಸಾಮರ್ಥ್ಯವನ್ನು ಹೀಗೆ ಪಡೆಯುತ್ತಾರೆ:

```
It ≥ In / (k1 × k2)
```

ಇದರಲ್ಲಿ In ಎಂಬುದು ಮೋಟಾರಿನ ಪೂರ್ಣ ಹೊರೆಯ ಪ್ರವಾಹ. ಓವರ್‌ಲೋಡ್ ರಿಲೇಯನ್ನು ಅದಕ್ಕಿಂತ ಹೆಚ್ಚಿಗೆ ಇಟ್ಟಿದ್ದರೆ ಆ ಅಂಕಿಯನ್ನೇ ಬಳಸಬೇಕು.

## ವೋಲ್ಟೇಜ್ ಕುಸಿತ

ಮೂರು ಫೇಸ್ ಕೇಬಲ್‌ನ ವೋಲ್ಟೇಜ್ ಕುಸಿತವನ್ನು ಈ ಸೂತ್ರದಿಂದ ಲೆಕ್ಕ ಹಾಕುತ್ತಾರೆ:

```
ΔV = √3 × I × L × (R cos φ + X sin φ)
```

L ಕಿಲೋಮೀಟರುಗಳಲ್ಲಿ ಕೇಬಲ್‌ನ ಉದ್ದ, R ಮತ್ತು X ಒಂದು ಕಿಲೋಮೀಟರಿಗೆ ಓಮ್‌ಗಳಲ್ಲಿ ರೋಧ ಮತ್ತು ರಿಯಾಕ್ಟೆನ್ಸ್, cos φ ಪವರ್ ಫ್ಯಾಕ್ಟರ್. ಪಟ್ಟಿಗಳು ಸಾಮಾನ್ಯವಾಗಿ 20 ಡಿಗ್ರಿಯಲ್ಲಿನ ರೋಧವನ್ನು ಕೊಡುತ್ತವೆ. 70 ಡಿಗ್ರಿಯಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂಗಳ ರೋಧ ಸುಮಾರು ಶೇ. 20ರಷ್ಟು ಹೆಚ್ಚಿರುತ್ತದೆ. ಈ ಹೆಚ್ಚಳವನ್ನು ಬಿಟ್ಟರೆ ಕುಸಿತವನ್ನು ಕಡಿಮೆಯಾಗಿ ಅಂದಾಜಿಸಿದಂತಾಗುತ್ತದೆ. ಸಣ್ಣ ಗಾತ್ರದ ಕೇಬಲ್‌ಗಳಲ್ಲಿ ರಿಯಾಕ್ಟೆನ್ಸ್‌ನ ಪಾಲು ತೀರ ಅಲ್ಪ.

ವಿದ್ಯುತ್ ಮಾಪಕದಿಂದ ಮೋಟಾರಿನವರೆಗೆ ಒಟ್ಟು ಕುಸಿತ ಶೇ. 5 ಮೀರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. 415 ವೋಲ್ಟ್ ವ್ಯವಸ್ಥೆಯಲ್ಲಿ ಇದು 20.75 ವೋಲ್ಟ್. ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೋಲ್ಟೇಜ್ ಶೇ. 10 ಇಳಿದರೆ ಲಭ್ಯ ಟಾರ್ಕ್ ಶೇ. 19 ಇಳಿಯುತ್ತದೆ. ಆದರೆ ಪಂಪು ಬೇಡುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು ಒದಗಿಸಲು ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ. ಆ ಹೆಚ್ಚಿನ ಪ್ರವಾಹ ಕೇಬಲ್‌ನಲ್ಲಿ ಮತ್ತಷ್ಟು ಕುಸಿತವನ್ನೂ ಸುರುಳಿಯಲ್ಲಿ ಮತ್ತಷ್ಟು ಶಾಖವನ್ನೂ ಉಂಟುಮಾಡುತ್ತದೆ.

## ಉದಾಹರಣೆ ಲೆಕ್ಕ

ಶಿಡ್ಲಘಟ್ಟದ ಬಳಿಯ ಒಂದು ತೋಟವನ್ನು ಕಲ್ಪಿಸಿಕೊಳ್ಳಬಹುದು. ಕೊಳವೆಬಾವಿಯಲ್ಲಿ 15 ಅಶ್ವಶಕ್ತಿಯ, 415 ವೋಲ್ಟಿನ ಮೂರು ಫೇಸ್ ಸಬ್‌ಮರ್ಸಿಬಲ್ ಮೋಟಾರಿದೆ. ಅದರ ಫಲಕದ ಮೇಲೆ ಪೂರ್ಣ ಹೊರೆಯ ಪ್ರವಾಹ 25 ಆಂಪಿಯರ್, ಪವರ್ ಫ್ಯಾಕ್ಟರ್ 0.82 ಎಂದು ನಮೂದಾಗಿದೆ. ಮೋಟಾರು ನೇರ ಸ್ಟಾರ್ಟರ್‌ನಿಂದ ಚಾಲನೆಗೊಳ್ಳುತ್ತದೆ. ಮಾಪಕ ಮತ್ತು ಸ್ಟಾರ್ಟರ್‌ಗಳು ತಗಡಿನ ಚಾವಣಿಯ ಕೋಣೆಯಲ್ಲಿವೆ. ಮಾರ್ಗದಲ್ಲಿ ಮೂರು ಭಾಗಗಳಿವೆ:

1. ಕೋಣೆಯೊಳಗೆ ಗೋಡೆಯ ಮೇಲೆ ಕೆಲವು ಮೀಟರ್.
2. ಕೋಣೆಯಿಂದ ಬಾವಿಯ ಬಾಯಿಯವರೆಗೆ ನೆಲದಡಿಯ ಕಾಲುವೆ. ಕೋಣೆಯೊಳಗಿನ ತುಂಡೂ ಸೇರಿ ಉದ್ದ 30 ಮೀಟರ್. ಇವೆರಡೂ ಭಾಗಗಳಲ್ಲಿ ಒಂದೇ ಅಲ್ಯೂಮಿನಿಯಂ, ಪಿವಿಸಿ, ಆರ್ಮರ್ಡ್ ಕೇಬಲ್ ಇರುತ್ತದೆ.
3. ಬಾವಿಯ ಬಾಯಿಯ ಜೋಡಣೆ ಪೆಟ್ಟಿಗೆಯಿಂದ ಮೋಟಾರಿನವರೆಗೆ 300 ಮೀಟರ್ ಉದ್ದದ ಮೂರು ತಂತುಗಳ ಚಪ್ಪಟೆ ತಾಮ್ರದ ಕೇಬಲ್.

ಕೋಣೆಯಿಂದ ಇನ್ನೊಂದು ಕೊಳವೆಬಾವಿಗೆ ಮತ್ತು ಕೃಷಿಹೊಂಡದ ಬಳಿಯ ಎರಡು ಪಂಪುಗಳಿಗೆ ಹೋಗುವ ಕೇಬಲ್‌ಗಳೂ ಇದೇ ಗೋಡೆ ಮತ್ತು ಕಾಲುವೆಯಲ್ಲಿ ತಾಗಿಕೊಂಡು ಸಾಗುತ್ತವೆ. ಅವುಗಳ ಹೊರೆಯೂ ಸರಿಸುಮಾರು ಇಷ್ಟೇ ಇದ್ದು, ಒಟ್ಟು ನಾಲ್ಕು ಕೇಬಲ್‌ಗಳ ಗುಂಪಾಗುತ್ತದೆ.

### ಬಾವಿಯೊಳಗಿನ ಭಾಗ

ಬಾವಿಯೊಳಗೆ ಕೇಬಲ್ ಒಂಟಿಯಾಗಿದೆ. ಅದು ತಣ್ಣೀರು ಹರಿಯುವ ಪೈಪಿಗೆ ಅಂಟಿಕೊಂಡು ಇಳಿಯುತ್ತದೆ, ಕೆಳಭಾಗ ನೀರಿನಲ್ಲೇ ಮುಳುಗಿರುತ್ತದೆ. ಆದ್ದರಿಂದ ಶಾಖದ ತೊಂದರೆ ಕಡಿಮೆ. ತಯಾರಕರ ಪಟ್ಟಿಗಳಲ್ಲಿ 4 ಚ.ಮಿ.ಮೀ. ಚಪ್ಪಟೆ ಕೇಬಲ್‌ಗೆ 40 ಡಿಗ್ರಿಯಲ್ಲಿ ಸುಮಾರು 26 ಆಂಪಿಯರ್ ಸಾಮರ್ಥ್ಯ ಇರುತ್ತದೆ. ಶಾಖವೊಂದನ್ನೇ ನೋಡಿದರೆ 25 ಆಂಪಿಯರಿಗೆ ಅದು ಸಾಕೆಂದೇ ತೋರುತ್ತದೆ. ವೋಲ್ಟೇಜ್ ಕುಸಿತದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ರಿಯಾಕ್ಟೆನ್ಸನ್ನು ಕಿಲೋಮೀಟರಿಗೆ 0.09 ಓಮ್ ಎಂದು ಹಿಡಿದರೆ 300 ಮೀಟರಿಗೆ ಫಲಿತಾಂಶ ಹೀಗಿದೆ:

| ಗಾತ್ರ (ಚ.ಮಿ.ಮೀ.) | 70 ಡಿಗ್ರಿಯಲ್ಲಿ ರೋಧ (ಓಮ್/ಕಿ.ಮೀ.) | ಕುಸಿತ (ವೋಲ್ಟ್) | ಶೇಕಡಾ |
|---|---|---|---|
| 4 | 5.92 | 63.8 | 15.4 |
| 6 | 3.95 | 42.7 | 10.3 |
| 10 | 2.29 | 25.0 | 6.0 |
| 16 | 1.45 | 16.1 | 3.9 |
| 25 | 0.93 | 10.6 | 2.6 |

ಮಿತಿಯೊಳಗೆ ಬರುವ ಅತಿ ಚಿಕ್ಕ ಗಾತ್ರ 16 ಚ.ಮಿ.ಮೀ. ಶಾಖಕ್ಕೆ ಸಾಕಾಗುವ ಗಾತ್ರದ ನಾಲ್ಕು ಪಟ್ಟು ತಾಮ್ರವನ್ನು ಇಲ್ಲಿ ಉದ್ದವೊಂದೇ ಬೇಡುತ್ತಿದೆ. ಈ ಆಯ್ಕೆಯ ನಂತರ ಉಳಿದ ಮಾರ್ಗಕ್ಕೆ 4.6 ವೋಲ್ಟ್ ಮಾತ್ರ ಉಳಿಯುತ್ತದೆ.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಉದ್ದವು ಬಾವಿ ಕೊರೆದ ಆಳವಲ್ಲ. ಮೋಟಾರನ್ನು ಇಳಿಸಿದ ಆಳಕ್ಕೆ ಮೇಲಿನ ಜೋಡಣೆಗೆ ಬೇಕಾದ ಉದ್ದವನ್ನು ಸೇರಿಸಬೇಕು. ನೀರು ಕೆಳಗಿಳಿದಾಗ ಮೋಟಾರನ್ನು ಇನ್ನಷ್ಟು ಇಳಿಸುವ ಸಂಭವವಿದ್ದರೆ ಆ ಆಳವನ್ನೇ ಮೊದಲಿನಿಂದ ಹಿಡಿಯುವುದು ಒಳ್ಳೆಯದು. ಹಳೆಯ ಕೇಬಲ್‌ಗೆ ಅದೇ ಗಾತ್ರದ ಐವತ್ತು ಮೀಟರ್ ಜೋಡಿಸಿದರೆ 16 ಚ.ಮಿ.ಮೀ. ಕೇಬಲ್‌ನಲ್ಲಿ ಕುಸಿತ ಇನ್ನೂ 2.7 ವೋಲ್ಟ್ ಹೆಚ್ಚುತ್ತದೆ.

### ಕಾಲುವೆಯ ಭಾಗ

ಬೇಸಿಗೆಯಲ್ಲಿ ಮಣ್ಣಿನ ತಾಪಮಾನ 35 ಡಿಗ್ರಿ ಎಂದು ಹಿಡಿದರೆ ತಾಪಮಾನದ ಗುಣಕ 0.94, ತಾಗಿಕೊಂಡ ನಾಲ್ಕು ಕೇಬಲ್‌ಗಳಿಗೆ ಗುಂಪಿನ ಗುಣಕ 0.60.

```
It = 25 / (0.94 × 0.60) = 44.3 A
```

ಐಎಸ್ 3961 ಆಧಾರಿತ ಪಟ್ಟಿಗಳಲ್ಲಿ ನೆಲದಲ್ಲಿ ಹೂತ ಬಹುತಂತು ಅಲ್ಯೂಮಿನಿಯಂ ಪಿವಿಸಿ ಕೇಬಲ್‌ನ ಸಾಮರ್ಥ್ಯ 6 ಚ.ಮಿ.ಮೀ.ಗೆ 35 ಆಂಪಿಯರ್, 10ಕ್ಕೆ 46, 16ಕ್ಕೆ 60. ಹೀಗಾಗಿ ಕಾಲುವೆಗೆ 10 ಚ.ಮಿ.ಮೀ. ಬೇಕು. ಕೇಬಲ್ ಒಂಟಿಯಾಗಿದ್ದರೆ 26.6 ಆಂಪಿಯರ್ ಸಾಮರ್ಥ್ಯ ಸಾಕಾಗಿ 6 ಚ.ಮಿ.ಮೀ. ಹೊಂದುತ್ತಿತ್ತು. ಗಾತ್ರವನ್ನು ಹೆಚ್ಚಿಸಿದ್ದು ಗುಂಪು. ಕೇಬಲ್‌ಗಳ ನಡುವೆ 25 ಸೆಂ.ಮೀ. ಅಂತರ ಬಿಟ್ಟರೆ ಬೇಕಾದ ಸಾಮರ್ಥ್ಯ 35.5 ಆಂಪಿಯರಿಗೆ ಇಳಿಯುತ್ತದೆ. ಅದೂ 6 ಚ.ಮಿ.ಮೀ. ಕೇಬಲ್‌ನ ಮಿತಿಯನ್ನು ತುಸು ದಾಟುವುದರಿಂದ ಈ ಸಂದರ್ಭದಲ್ಲಿ ಅಗಲವಾದ ಕಾಲುವೆ ತೋಡಿ ಗಾತ್ರ ಇಳಿಸಲಾಗದು.

ನಾಲ್ಕು ಕೇಬಲ್‌ಗಳು ಹತ್ತು ಮೀಟರ್ ಮಾತ್ರ ಜೊತೆಯಾಗಿ ಸಾಗಿ ನಂತರ ಬೇರೆಯಾದರೂ ಲೆಕ್ಕ ಬದಲಾಗುವುದಿಲ್ಲ. ಜೊತೆಯಾಗಿರುವ ಆ ತುಂಡಿನಲ್ಲಿ ಹೊದಿಕೆ ಕೆಟ್ಟರೆ ಇಡೀ ಕೇಬಲ್ ಕೆಟ್ಟಂತೆ.

### ಕೋಣೆಯೊಳಗಿನ ಭಾಗ

ಕೋಣೆಯ ಗಾಳಿ 50 ಡಿಗ್ರಿ ಎಂದು ಹಿಡಿದರೆ ತಾಪಮಾನದ ಗುಣಕ 0.82, ಗೋಡೆಯ ಮೇಲಿನ ನಾಲ್ಕು ಕೇಬಲ್‌ಗಳ ಗುಣಕ 0.75.

```
It = 25 / (0.82 × 0.75) = 40.7 A
```

ಗಾಳಿಯಲ್ಲಿ 10 ಚ.ಮಿ.ಮೀ. ಕೇಬಲ್‌ನ ಸಾಮರ್ಥ್ಯ 40 ಆಂಪಿಯರ್. ಕಾಲುವೆಗೆ ಸಾಕಾದ ಕೇಬಲ್ ಕೋಣೆಯೊಳಗಿನ ಕೆಲವೇ ಮೀಟರುಗಳಲ್ಲಿ ಸಾಲದಾಗುತ್ತದೆ. ಮುಂದಿನ ಗಾತ್ರವಾದ 16 ಚ.ಮಿ.ಮೀ.ಗೆ 51 ಆಂಪಿಯರ್ ಸಾಮರ್ಥ್ಯವಿದ್ದು ಅದು ಹೊಂದುತ್ತದೆ. ಗಾತ್ರ ಹೆಚ್ಚಿಸಲು ಇಷ್ಟವಿಲ್ಲದಿದ್ದರೆ ಎರಡು ದಾರಿಗಳಿವೆ. ಚಾವಣಿಯ ಕೆಳಗೆ ಗಾಳಿಕಿಂಡಿಗಳನ್ನು ಬಿಟ್ಟು ತಾಪಮಾನವನ್ನು 45 ಡಿಗ್ರಿಗೆ ಇಳಿಸಿದರೆ ಬೇಕಾದ ಸಾಮರ್ಥ್ಯ 36.6 ಆಂಪಿಯರ್ ಆಗಿ 10 ಚ.ಮಿ.ಮೀ. ಸಾಕಾಗುತ್ತದೆ. ಇಲ್ಲವೇ ಗೋಡೆಯ ಮೇಲೆ ಕೇಬಲ್‌ಗಳನ್ನು ಬಿಡಿಬಿಡಿಯಾಗಿ ಕಟ್ಟಿ ಗುಂಪಿನ ಗುಣಕವನ್ನು ಹೆಚ್ಚಿಸಿಕೊಳ್ಳಬಹುದು.

### ಒಟ್ಟು ಫಲಿತಾಂಶ

ಅಲ್ಯೂಮಿನಿಯಂ ಭಾಗದ 30 ಮೀಟರಿನಲ್ಲಿ ಕುಸಿತವು 10 ಚ.ಮಿ.ಮೀ.ಗೆ 4.0 ವೋಲ್ಟ್, 16 ಚ.ಮಿ.ಮೀ.ಗೆ 2.5 ವೋಲ್ಟ್. ಎರಡೂ ಉಳಿದಿದ್ದ 4.6 ವೋಲ್ಟಿನೊಳಗೆ ಬರುತ್ತವೆ. 16 ಚ.ಮಿ.ಮೀ. ಆಯ್ದರೆ ಒಟ್ಟು ಕುಸಿತ 18.6 ವೋಲ್ಟ್, ಅಂದರೆ ಶೇ. 4.5.

ಎರಡೂ ಕಡೆ 16 ಚ.ಮಿ.ಮೀ. ಬಂದಿರುವುದು ಕಾಕತಾಳೀಯ, ಕಾರಣಗಳು ಬೇರೆ. ಬಾವಿಯಲ್ಲಿ ಅದನ್ನು ನಿಶ್ಚಯಿಸಿದ್ದು ಉದ್ದ, ಮೇಲೆ ನಿಶ್ಚಯಿಸಿದ್ದು ಬಿಸಿ ಕೋಣೆ ಮತ್ತು ಪಕ್ಕದ ಕೇಬಲ್‌ಗಳು. ಬಾವಿ ಇನ್ನೂ ಆಳವಾದರೆ ಮೊದಲನೆಯದು ಬದಲಾಗುತ್ತದೆ. ಕೋಣೆಗೆ ಐದನೆಯ ಪಂಪು ಸೇರಿದರೆ ಎರಡನೆಯದನ್ನು ಮತ್ತೆ ಪರೀಕ್ಷಿಸಬೇಕು.

## ಚಾಲನೆಯ ಸಮಯದ ಕುಸಿತ

ನೇರ ಸ್ಟಾರ್ಟರ್‌ನಿಂದ ಚಾಲನೆಗೊಳ್ಳುವ ಮೋಟಾರು ಆರಂಭದ ಕ್ಷಣಗಳಲ್ಲಿ ಪೂರ್ಣ ಹೊರೆಯ ಪ್ರವಾಹದ ಸುಮಾರು ಆರು ಪಟ್ಟು ಎಳೆಯುತ್ತದೆ. ಆಗ ಪವರ್ ಫ್ಯಾಕ್ಟರ್ ಕಡಿಮೆ ಇರುತ್ತದೆ. 150 ಆಂಪಿಯರ್ ಮತ್ತು 0.4 ಪವರ್ ಫ್ಯಾಕ್ಟರ್ ಹಿಡಿದರೆ ಮೇಲಿನ ಆಯ್ಕೆಯಲ್ಲಿ ಬಾವಿಯೊಳಗೆ 51.6 ವೋಲ್ಟ್, ಮೇಲಿನ ಭಾಗದಲ್ಲಿ 7.7 ವೋಲ್ಟ್ ಸೇರಿ ಒಟ್ಟು ಶೇ. 14.3 ಕುಸಿತವಾಗುತ್ತದೆ. ಚಾಲನೆಯ ವೇಳೆ ಶೇ. 15ರವರೆಗಿನ ಕುಸಿತವನ್ನು ಸಾಮಾನ್ಯವಾಗಿ ಒಪ್ಪಲಾಗುತ್ತದೆ. ಬಾವಿಯಲ್ಲಿ 10 ಚ.ಮಿ.ಮೀ. ಹಾಕಿದ್ದರೆ ಕುಸಿತ ಶೇ. 20 ದಾಟುತ್ತಿತ್ತು. ಆಗ ಚಾಲನೆಯ ಟಾರ್ಕ್ ಪೂರ್ಣ ವೋಲ್ಟೇಜಿನಲ್ಲಿ ಸಿಗುವುದರ ಮೂರನೆಯ ಎರಡು ಭಾಗಕ್ಕಿಂತ ಕಡಿಮೆಯಾಗುತ್ತದೆ.

ಸ್ಟಾರ್–ಡೆಲ್ಟಾ ಸ್ಟಾರ್ಟರ್ ಬಳಸಿದರೆ ಸುರುಳಿಗಳ ಆರೂ ತುದಿಗಳು ಮೇಲಕ್ಕೆ ಬರಬೇಕಾದ್ದರಿಂದ ಬಾವಿಗೆ ಎರಡು ಚಪ್ಪಟೆ ಕೇಬಲ್‌ಗಳನ್ನು ಇಳಿಸುತ್ತಾರೆ. ಡೆಲ್ಟಾದಲ್ಲಿ ಓಡುವಾಗ ಪ್ರತಿ ತಂತಿಯಲ್ಲಿ 25ರ ಬದಲು 14.4 ಆಂಪಿಯರ್ ಹರಿಯುತ್ತದೆ. ಪ್ರತಿ ಸುರುಳಿಗೆ ಹೋಗಿ ಬರುವ ಎರಡು ತಂತಿಗಳ ಕುಸಿತ ಸೇರಿದಾಗ, ಅದೇ ಗಾತ್ರದ ಒಂದೇ ಕೇಬಲ್‌ನಲ್ಲಿ ಆಗುವ ಕುಸಿತದ ಮೂರನೆಯ ಎರಡು ಭಾಗವಾಗುತ್ತದೆ. ಆದ್ದರಿಂದ 10 ಚ.ಮಿ.ಮೀ.ನ ಎರಡು ಕೇಬಲ್‌ಗಳು ಶೇ. 4.0 ಕುಸಿತ ಕೊಡುತ್ತವೆ. ಇದು 16 ಚ.ಮಿ.ಮೀ.ನ ಒಂದೇ ಕೇಬಲ್‌ಗೆ ಹೆಚ್ಚುಕಡಿಮೆ ಸಮ. ಎರಡು ಕೇಬಲ್‌ಗಳಿವೆ ಎಂದು ಕುಸಿತ ಅರ್ಧಕ್ಕೆ ಇಳಿಯುತ್ತದೆಂದು ಎಣಿಸುವುದು ತಪ್ಪಾಗುತ್ತದೆ.

## ಶಕ್ತಿ ನಷ್ಟ

ಕೇಬಲ್‌ನ ಗಾತ್ರ ಚಿಕ್ಕದಾದಷ್ಟೂ ಅದರಲ್ಲಿ ಶಾಖವಾಗಿ ಕಳೆಯುವ ಶಕ್ತಿ ಹೆಚ್ಚು. ಮೇಲಿನ ಬಾವಿಯಲ್ಲಿ 10 ಚ.ಮಿ.ಮೀ. ಕೇಬಲ್ ಸುಮಾರು 1,285 ವ್ಯಾಟ್, 16 ಚ.ಮಿ.ಮೀ. ಕೇಬಲ್ ಸುಮಾರು 815 ವ್ಯಾಟ್ ವ್ಯಯಿಸುತ್ತದೆ. ದಿನಕ್ಕೆ ಏಳು ಗಂಟೆಯಂತೆ ವರ್ಷಕ್ಕೆ 300 ದಿನ ಪಂಪು ಓಡಿದರೆ ವ್ಯತ್ಯಾಸ ಸುಮಾರು 990 ಯೂನಿಟ್. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಆ ಮಿತಿಯೊಳಗಿನ ಬಳಕೆದಾರರಿಗೆ ಈ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. 15 ಅಶ್ವಶಕ್ತಿಯ ಮೋಟಾರು ಆ ಮಿತಿಯಿಂದ ಹೊರಗಿದೆ.

## ದೋಷದ ಗುರುತುಗಳು

ಮುನ್ನೂರು ಮೀಟರ್ ಕೆಳಗಿರುವ ಮೋಟಾರಿನ ತುದಿಯಲ್ಲಿ ವೋಲ್ಟೇಜ್ ಅಳೆಯಲಾಗದು. ಮೇಲಿನ ಅಳತೆಗಳಿಂದಲೇ ಅದನ್ನು ಅಂದಾಜಿಸಬೇಕು. ಪಂಪು ಓಡುತ್ತಿರುವಾಗ ಮಾಪಕದ ಬಳಿ ಮತ್ತು ಬಾವಿಯ ಬಾಯಿಯಲ್ಲಿ ವೋಲ್ಟೇಜ್ ಅಳೆದು, ಕ್ಲಾಂಪ್ ಮೀಟರಿನಿಂದ ಮೂರೂ ಫೇಸ್‌ಗಳ ಪ್ರವಾಹ ನೋಡಬೇಕು. ಬಾವಿಯೊಳಗಿನ ಕುಸಿತವನ್ನು ಆ ಪ್ರವಾಹದಿಂದ ಲೆಕ್ಕ ಹಾಕಿ ಬಾಯಿಯ ವೋಲ್ಟೇಜಿನಿಂದ ಕಳೆದರೆ ಮೋಟಾರಿಗೆ ಸಿಗುವ ವೋಲ್ಟೇಜ್ ತಿಳಿಯುತ್ತದೆ. ಪಂಪು ನಿಂತಿರುವಾಗ ಅಳೆದ ವೋಲ್ಟೇಜ್ ಕೇಬಲ್‌ನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಾಪಕದ ಬಳಿ ವೋಲ್ಟೇಜ್ ಸರಿಯಿದ್ದು, ನೀರಿನ ಹರಿವೂ ಎಂದಿನಂತಿದ್ದು, ಮೂರೂ ಫೇಸ್‌ಗಳ ಪ್ರವಾಹ ಫಲಕದ ಅಂಕಿಗಿಂತ ಸಮನಾಗಿ ಹೆಚ್ಚಿದ್ದರೆ ಕೇಬಲ್‌ನ ಕುಸಿತವನ್ನು ಮೊದಲು ಶಂಕಿಸಬಹುದು. ಒಂದೇ ಫೇಸ್‌ನಲ್ಲಿ ವ್ಯತ್ಯಾಸವಿದ್ದರೆ ಸಡಿಲವಾದ ಜೋಡಣೆ ಅಥವಾ ಪೂರೈಕೆಯ ಅಸಮತೋಲನವನ್ನು ಹುಡುಕಬೇಕು. ಬೆಳಗಿನ ಹೊತ್ತು ಸರಿಯಾಗಿ ಓಡಿ ಮಧ್ಯಾಹ್ನ ಮಾತ್ರ ರಿಲೇ ಬೀಳುತ್ತಿದ್ದರೆ ಕೋಣೆಯ ತಾಪಮಾನವನ್ನು ಅಳೆಯುವುದು ಸೂಕ್ತ, ಏಕೆಂದರೆ ಉಷ್ಣ ರಿಲೇಯೂ ಅದೇ ಗಾಳಿಯಿಂದ ಬಿಸಿಯಾಗುತ್ತದೆ. ಸ್ಟಾರ್ಟರ್ ಬಳಿ ಹೊದಿಕೆ ಗಡುಸಾಗಿ ಬಣ್ಣ ಕಪ್ಪಾಗಿದ್ದರೆ ಅದು ಕೇಬಲ್ ಅಥವಾ ಅದರ ತುದಿಯ ಜೋಡಣೆ ದೀರ್ಘಕಾಲ ಮಿತಿಮೀರಿ ಬಿಸಿಯಾದ ಗುರುತು.

## ಮಿತಿಗಳು

ಈ ಲೆಕ್ಕವು ಮಾಪಕದ ಬಳಿ 415 ವೋಲ್ಟ್ ಇದೆ ಎಂಬ ಊಹೆಯಿಂದ ಆರಂಭವಾಗುತ್ತದೆ. ಪೂರೈಕೆಯ ವೋಲ್ಟೇಜ್ ಶೇ. 6ರಷ್ಟು ಇಳಿದು 390 ಆದರೆ, ಕೇಬಲ್‌ನ ಕುಸಿತವೂ ಸೇರಿ ಮೋಟಾರಿಗೆ ಸುಮಾರು 370 ವೋಲ್ಟ್ ಮಾತ್ರ ಸಿಗುತ್ತದೆ. ಉದ್ದವಾದ ಗ್ರಾಮೀಣ ತಂತಿಮಾರ್ಗದ ಕೊನೆಯಲ್ಲಿ ಪೂರೈಕೆಯೇ ಇದಕ್ಕಿಂತ ಕೆಳಗಿದ್ದರೆ ಕೇಬಲ್ ದಪ್ಪ ಮಾಡುವುದರಿಂದ ಅದು ಸರಿಹೋಗುವುದಿಲ್ಲ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಅಥವಾ ತಂತಿಮಾರ್ಗದಲ್ಲೇ ಬದಲಾವಣೆ ಬೇಕು.

ಶಾರ್ಟ್ ಸರ್ಕ್ಯೂಟ್ ಪ್ರವಾಹವನ್ನು ಕೇಬಲ್ ತಾಳಬಲ್ಲದೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಶೇ. 4.5 ಇಂಪಿಡೆನ್ಸ್‌ನ 100 ಕೆವಿಎ ಟ್ರಾನ್ಸ್‌ಫಾರ್ಮರ್ ತನ್ನ ತುದಿಯಲ್ಲಿ ಗರಿಷ್ಠ ಸುಮಾರು 3.1 ಕಿಲೋ ಆಂಪಿಯರ್ ಕೊಡಬಲ್ಲದು. 16 ಚ.ಮಿ.ಮೀ. ಅಲ್ಯೂಮಿನಿಯಂ ಪಿವಿಸಿ ಕೇಬಲ್ 0.1 ಸೆಕೆಂಡಿಗೆ ಸುಮಾರು 3.8 ಕಿಲೋ ಆಂಪಿಯರ್ ತಾಳುತ್ತದೆ. ಆದ್ದರಿಂದ ಅಷ್ಟರೊಳಗೆ ಫ್ಯೂಸ್ ಅಥವಾ ಬ್ರೇಕರ್ ಪ್ರವಾಹವನ್ನು ಕಡಿಯುವಂತಿದ್ದರೆ ಕೇಬಲ್ ಸುರಕ್ಷಿತ.

ಇಲ್ಲಿ ಬಳಸಿದ ಸಾಮರ್ಥ್ಯದ ಅಂಕಿಗಳು ಕೇಬಲ್‌ನ ರಚನೆ ಮತ್ತು ತಯಾರಕರನ್ನು ಅನುಸರಿಸಿ ತುಸು ಬದಲಾಗುತ್ತವೆ. ವಾಹಕವು ಎಲ್ಲೆಡೆ 70 ಡಿಗ್ರಿಯಲ್ಲಿದೆ ಎಂದು ಹಿಡಿದಿರುವುದರಿಂದ ಬಾವಿಯೊಳಗಿನ ನಿಜವಾದ ಕುಸಿತ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.